ನೋಟೀಸಿನ ಒಂದು ಪ್ಯಾರಾವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದು ಹೇಗೆ?

ಬಾಡಿಗೆದಾರರ ಸಂಘದ ಕಾರ್ಯದರ್ಶಿ ಕೇಳಿದ್ದು

ನಮ್ಮ ಕಟ್ಟಡದ ಹಲವು ಮನೆಗಳಿಗೆ ಮಾಲೀಕರಿಂದ ಒಂದೇ ಒಕ್ಕಣೆಯ ನೋಟೀಸು ಬಂದಿದೆ. ಓದಿದ ಕೆಲವರು ಮನೆ ಬಿಡಲೇಬೇಕೆಂದು ಗಾಬರಿಯಾಗಿದ್ದಾರೆ, ಕೆಲವರು ಬರೀ ಬೆದರಿಕೆ ಎಂದು ಪಕ್ಕಕ್ಕಿಟ್ಟಿದ್ದಾರೆ. ಮುಖ್ಯ ಪ್ಯಾರಾ ಹೀಗಿದೆ:

"ಸದರಿ ಕರಾರಿನ 7ನೇ ಷರತ್ತಿನಲ್ಲಿ ಏನೇ ಒಳಗೊಂಡಿದ್ದಾಗ್ಯೂ, ಈ ನೋಟೀಸು ತಲುಪಿದ ದಿನಾಂಕದಿಂದ ಹದಿನೈದು ದಿನಗಳೊಳಗಾಗಿ ಬಾಕಿ ಬಾಡಿಗೆಯನ್ನು ಪಾವತಿಸತಕ್ಕದ್ದು, ತಪ್ಪಿದಲ್ಲಿ ಮಾಲೀಕರು ಸದರಿ ಕರಾರನ್ನು ರದ್ದುಪಡಿಸಿ ಸ್ವತ್ತಿನ ಖಾಲಿ ಸ್ವಾಧೀನವನ್ನು ಪಡೆಯಲು ಹಕ್ಕುಳ್ಳವರಾಗಿರುತ್ತಾರೆ, ಪರಂತು ಬಾಡಿಗೆದಾರರು ಮೇಲ್ಕಂಡ ಅವಧಿಯೊಳಗೆ ಬಾಕಿಯ ಕುರಿತು ಲಿಖಿತ ತಕರಾರು ಸಲ್ಲಿಸಿದಲ್ಲಿ, ಅದು ಇತ್ಯರ್ಥವಾಗುವವರೆಗೆ ವಿವಾದಿತ ಮೊತ್ತದ ಮಟ್ಟಿಗೆ ಸದರಿ ಕ್ರಮವನ್ನು ತಡೆಹಿಡಿಯಲಾಗುವುದು, ಈ ನೋಟೀಸನ್ನು ಮಾಲೀಕರ ಇತರ ಹಕ್ಕುಗಳಿಗೆ ಬಾಧಕವಾಗದಂತೆ ನೀಡಲಾಗಿದೆ."

ಇದನ್ನು ಒಂದು ಪುಟದಲ್ಲಿ ಸರಳವಾಗಿ ಬರೆದು ಮನೆಮನೆಗೆ ಹಂಚಬೇಕೆಂದಿದ್ದೇನೆ. ಅರ್ಥ ಕೆಡದಂತೆ ಮಾಡುವುದು ಹೇಗೆ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕರೊಬ್ಬರು

ನಾನು ಇಂಥ ಹಲವು ಪತ್ರಗಳನ್ನು ನೆರೆಹೊರೆಯವರಿಗೆ ಓದಿ ಹೇಳಿದ್ದೇನೆ. ಮೊದಲು "ಸದರಿ", "ಮೇಲ್ಕಂಡ", "ಪರಂತು" ಮುಂತಾದವುಗಳನ್ನು ತೆಗೆದು ಬಳಕೆಯ ಮಾತುಗಳನ್ನು ಹಾಕಿ, ಅನಂತರ ಉದ್ದ ವಾಕ್ಯವನ್ನು ನಾಲ್ಕೈದಾಗಿ ಒಡೆಯಿರಿ. ನಿಮ್ಮ ಪ್ಯಾರಾದ ಸಾರಾಂಶ ಇಷ್ಟೇ: ಹದಿನೈದು ದಿನಗಳಲ್ಲಿ ಬಾಕಿ ಕಟ್ಟಿ, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕಾಗುತ್ತದೆ, ಒಂದು ತಕರಾರು ಅರ್ಜಿ ಕೊಟ್ಟರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ಜನ ಓದುವುದಿಲ್ಲ.

ವಕೀಲರ ಕಚೇರಿಯಲ್ಲಿ ಕರಡು ಬರೆಯುವವರು

ಮೇಷ್ಟ್ರು ಹೇಳಿದಂತೆ ವಾಕ್ಯ ಒಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸಾರಾಂಶದ ಕೊನೆಯ ಭಾಗವನ್ನು ನಂಬಿ ನಡೆದವರಿಗೆ ತೊಂದರೆಯಾಗುತ್ತದೆ. ನೋಟೀಸಿನಲ್ಲಿ ಬಾಕಿ 12,000 ಎಂದಿದೆ, ಅದರಲ್ಲಿ 3,000ವನ್ನು ಈಗಾಗಲೇ ಕಟ್ಟಿರುವ ರಸೀದಿ ಒಬ್ಬರ ಬಳಿ ಇದೆ ಎಂದುಕೊಳ್ಳಿ. ಅವರು ತಕರಾರು ಸಲ್ಲಿಸಿದರೆ ಮಾಲೀಕರು ಕ್ರಮವನ್ನು ತಡೆಹಿಡಿಯುವುದು ಆ 3,000ದ ಮಟ್ಟಿಗೆ ಮಾತ್ರ. ಉಳಿದ 9,000ವನ್ನು ಗಡುವಿನೊಳಗೆ ಕಟ್ಟದಿದ್ದರೆ, ತಕರಾರು ಕೊಟ್ಟಿದ್ದರೂ ಅವರು ತಪ್ಪಿದವರೇ ಆಗುತ್ತಾರೆ. "ವಿವಾದಿತ ಮೊತ್ತದ ಮಟ್ಟಿಗೆ" ಎಂಬುದು ಸರಳಗೊಳಿಸುವವರ ಕೈಯಿಂದ ಮೊದಲು ಜಾರುವ ಭಾಗ. ಆದುದರಿಂದ ಕೆಲಸವನ್ನು ಪದಗಳಿಂದ ಆರಂಭಿಸಬೇಡಿ. ಪ್ಯಾರಾದಲ್ಲಿ ಯಾರು ಏನು ಮಾಡಬೇಕು, ಎಷ್ಟರೊಳಗೆ, ಮಾಡದಿದ್ದರೆ ಏನು, ಯಾರಿಗೆ ಎಷ್ಟರ ಮಟ್ಟಿಗೆ ವಿನಾಯಿತಿ ಎಂಬುದನ್ನು ಬೇರೆ ಹಾಳೆಯಲ್ಲಿ ಬಿಡಿಬಿಡಿಯಾಗಿ ಗುರುತು ಹಾಕಿಕೊಂಡ ಮೇಲೆ ಬರೆಯಲು ಕುಳಿತರೆ, ಯಾವ ತುಂಡೂ ಬಿಟ್ಟುಹೋಗುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ನೋಟೀಸು ಎಂದರೆ ಒಂದು ಪಕ್ಷದವರು ಕಳುಹಿಸಿದ ಪತ್ರ. ಅದರಲ್ಲಿರುವುದೆಲ್ಲ ಅವರ ಹೇಳಿಕೆ. ಮೂಲದ ಗಡಸು ಭಾಷೆಯಲ್ಲಿ ಓದುವಾಗ ಇದು ಎದುರಿನವರ ವಾದ ಎಂಬ ಎಚ್ಚರ ಸ್ವಲ್ಪವಾದರೂ ಉಳಿದಿರುತ್ತದೆ. ನೀವು ಅದನ್ನೇ "ಹದಿನೈದು ದಿನಗಳಲ್ಲಿ ಕಟ್ಟದಿದ್ದರೆ ಕರಾರು ರದ್ದಾಗುತ್ತದೆ" ಎಂದು ತಿಳಿಯಾಗಿ ಬರೆದ ಕೂಡಲೇ, ಮಾಲೀಕರ ವಾದ ನಿಮ್ಮ ಸಂಘದ ಬಾಯಲ್ಲಿ ಸತ್ಯಸಂಗತಿಯಾಗಿಬಿಡುತ್ತದೆ. ಮೂಲವೂ ರದ್ದಾಗುತ್ತದೆ ಎನ್ನುತ್ತಿಲ್ಲ, ರದ್ದುಪಡಿಸುವ ಹಕ್ಕು ತಮಗಿದೆ ಎನ್ನುತ್ತಿದೆ. ಆ ಹಕ್ಕು ನಿಜಕ್ಕೂ ಇದೆಯೇ, ಮನೆ ಖಾಲಿ ಮಾಡಿಸಲು ನ್ಯಾಯಾಲಯದ ಆದೇಶ ಬೇಕೇ ಎಂಬುದು ಆಯಾ ಊರಿನ ಬಾಡಿಗೆ ಕಾನೂನನ್ನು ಅವಲಂಬಿಸಿದ ಬೇರೆಯೇ ಪ್ರಶ್ನೆ. ನಿಮ್ಮ ಪುಟದಲ್ಲಿ "ಎಂದು ಮಾಲೀಕರು ಹೇಳಿದ್ದಾರೆ" ಎಂಬುದನ್ನು ಧಾರಾಳವಾಗಿ ಬಳಸಿ. ಓದಲು ತುಸು ಭಾರವೆನಿಸಿದರೂ ಅದು ಅಲ್ಲಿರಬೇಕಾದ ಭಾರ.

ಕೊನೆಯದಾಗಿ, ಕರಾರಿನ 7ನೇ ಷರತ್ತನ್ನು ತೆರೆದು ನೋಡಿದ್ದೀರಾ? ಅದನ್ನು ಓದದೆ ಈ ಪ್ಯಾರಾದ ಮೊದಲ ಸಾಲನ್ನು ಯಾರೂ ಸರಳವಾಗಿ ಬರೆಯಲಾರರು.

ಹಂಚಿಕೊಂಡ ಮನೆಯಲ್ಲಿ ಬಾಡಿಗೆಗಿರುವವರು

ನನ್ನದು ಸ್ವಲ್ಪ ಬೇರೆ ಪ್ರಕರಣ. ನಾವು ಮೂವರು ಒಂದೇ ಕರಾರಿಗೆ ಸಹಿ ಹಾಕಿದ್ದೆವು. ಅದರಲ್ಲಿ "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು" ಎಂದಿತ್ತು. ಮಧ್ಯವರ್ತಿ ಕೊಟ್ಟ ಸರಳ ಚೀಟಿಯಲ್ಲಿ "ಬಾಡಿಗೆಯನ್ನು ಮೂವರೂ ಸೇರಿ ಕೊಡಬೇಕು" ಎಂದಿದ್ದುದರಿಂದ, ನಾವು ತಲಾ ಮೂರನೇ ಒಂದು ಪಾಲು ಎಂದೇ ತಿಳಿದೆವು. ಒಬ್ಬರು ಹೇಳದೆ ಕೇಳದೆ ಹೋದಾಗ ಅವರ ಪಾಲನ್ನೂ ನಮ್ಮಿಂದಲೇ ಕೇಳಿದರು. ನಮಗೂ ಈಗ ಇಂಥದ್ದೇ ನೋಟೀಸು ಬಂದಿದೆ. ತಕರಾರು ಕೊಟ್ಟರೆ ಹೋದವರ ಪಾಲಿನಿಂದ ಪಾರಾಗಬಹುದೇ?

ವಕೀಲರ ಕಚೇರಿಯಲ್ಲಿ ಕರಡು ಬರೆಯುವವರು

ಪಾರಾಗುವಿರೋ ಇಲ್ಲವೋ ಎಂಬುದನ್ನು ನಿಮ್ಮ ಕರಾರು ನೋಡದೆ ಹೇಳಲಾಗದು, ದಯವಿಟ್ಟು ವಕೀಲರಿಗೆ ತೋರಿಸಿ. ಆದರೆ ಆ ಚೀಟಿಯಲ್ಲಿ ಇರಬೇಕಾಗಿದ್ದ ವಾಕ್ಯ ಇದು: "ಮೂವರಲ್ಲಿ ಯಾರೊಬ್ಬರಿಂದಲೂ ಮಾಲೀಕರು ಪೂರ್ತಿ ಬಾಡಿಗೆಯನ್ನು ಕೇಳಬಹುದು, ಒಬ್ಬರು ಕೊಡದಿದ್ದರೆ ಉಳಿದವರು ಕೊಡಬೇಕಾಗುತ್ತದೆ." ಚೀಟಿ ಚಿಕ್ಕದಾಗಿತ್ತು, ಆದರೆ ಮುಖ್ಯವಾದುದೇ ಅದರಲ್ಲಿರಲಿಲ್ಲ. ಕಾರ್ಯದರ್ಶಿಗಳೇ, ನಿಮ್ಮ ಕಟ್ಟಡದಲ್ಲೂ ಹಂಚಿಕೊಂಡು ಇರುವವರಿದ್ದರೆ ಅವರ ಕರಾರಿನಲ್ಲಿ ಈ ಸಾಲಿದೆಯೇ ಎಂದು ನೋಡಿ.

ಬಾಡಿಗೆದಾರರ ಸಂಘದ ಕಾರ್ಯದರ್ಶಿ

7ನೇ ಷರತ್ತನ್ನು ತೆಗೆದು ನೋಡಿದೆ. ಬಾಕಿ ಕಟ್ಟಲು ಮೂವತ್ತು ದಿನಗಳ ಕಾಲಾವಕಾಶ ಕೊಡಬೇಕೆಂದು ಅಲ್ಲಿದೆ! ನಾನು ಬರೆದ ಕರಡು ಹೀಗಿದೆ:

"ನಿಮ್ಮ ಬಾಡಿಗೆ ಬಾಕಿ ಇದೆ ಎಂದು ಮಾಲೀಕರು ಹೇಳಿದ್ದಾರೆ. ನೋಟೀಸು ನಿಮ್ಮ ಕೈ ಸೇರಿದ ದಿನದಿಂದ 15 ದಿನಗಳೊಳಗೆ ಅದನ್ನು ಕಟ್ಟಲು ಕೇಳಿದ್ದಾರೆ. ಮೊತ್ತ ತಪ್ಪು ಎನಿಸಿದರೆ ಅದೇ 15 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿ. ಆಗ ನೀವು ಒಪ್ಪದ ಮೊತ್ತಕ್ಕಾಗಿ, ಆ ವಿಷಯ ತೀರ್ಮಾನವಾಗುವವರೆಗೆ, ಅವರು ಮುಂದಿನ ಕ್ರಮ ಕೈಗೊಳ್ಳುವುದಿಲ್ಲ. ಒಪ್ಪುವ ಮೊತ್ತವನ್ನು ಗಡುವಿನೊಳಗೇ ಕಟ್ಟಿ. ಎರಡನ್ನೂ ಮಾಡದಿದ್ದರೆ, ಕರಾರು ರದ್ದುಮಾಡಿ ಮನೆ ಖಾಲಿ ಮಾಡಿಸುವ ಹಕ್ಕು ತಮಗಿದೆ ಎಂದು ಮಾಲೀಕರು ಹೇಳಿದ್ದಾರೆ."

ಮೂವತ್ತು ದಿನಗಳ ವಿಷಯವನ್ನು ಎಲ್ಲಿ ಸೇರಿಸಲಿ?

ಗ್ರಾಹಕ ಸಹಾಯ ಕೇಂದ್ರದಲ್ಲಿ ಕೆಲಸ ಮಾಡಿದವರು

ಕರಡು ಚೆನ್ನಾಗಿದೆ. ವಿನಾಯಿತಿಯನ್ನು ಎಚ್ಚರಿಕೆಗಿಂತ ಮುಂಚೆ ತಂದದ್ದು ಸರಿ, ಏಕೆಂದರೆ ಮನೆ ಬಿಡಬೇಕೆಂಬ ಮಾತು ಕಣ್ಣಿಗೆ ಬಿದ್ದ ಮೇಲೆ ಓದುಗರು ಮುಂದಿನ ಸಾಲಿಗೆ ಬರುವುದೇ ಇಲ್ಲ. ಆದರೆ "ಎರಡನ್ನೂ ಮಾಡದಿದ್ದರೆ" ಎಂಬುದು ಎಡವಟ್ಟು ಮಾಡುತ್ತದೆ. 9,000 ಕಟ್ಟದೆ ಬರೀ ತಕರಾರು ಕೊಟ್ಟವರು, ಎರಡರಲ್ಲಿ ಒಂದನ್ನಂತೂ ಮಾಡಿದ್ದೇವಲ್ಲ ಎಂದು ಸುಮ್ಮನಾಗುತ್ತಾರೆ. "ಕಟ್ಟದೆಯೂ ಪ್ರಶ್ನಿಸದೆಯೂ ಉಳಿದ ಮೊತ್ತ ಏನಾದರೂ ಇದ್ದರೆ" ಎಂದು ಬದಲಿಸಿ.

ಹಂಚುವ ಮುನ್ನ ಬೇರೆ ಬೇರೆ ಮನೆಯವರಿಗೆ ಕೊಟ್ಟು ಓದಿಸಿ. "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಮೇಲಿನ 12,000 ಮತ್ತು 3,000ದ ಲೆಕ್ಕವನ್ನೇ ಮುಂದಿಟ್ಟು, ನೀವು ಯಾವ ದಿನದೊಳಗೆ ಎಷ್ಟು ಕಟ್ಟುತ್ತೀರಿ, ಯಾರಿಗೆ ಏನು ಬರೆಯುತ್ತೀರಿ ಎಂದು ಕೇಳಿ. 9,000 ಎಂಬ ಉತ್ತರ ಬಾರದಿದ್ದರೆ ದೋಷ ನಿಮ್ಮ ವಾಕ್ಯದಲ್ಲಿದೆ, ಓದಿದವರಲ್ಲಿ ಅಲ್ಲ. ನೋಟೀಸು ಒಬ್ಬೊಬ್ಬರಿಗೆ ಒಂದೊಂದು ದಿನ ತಲುಪಿರಬಹುದಾದ್ದರಿಂದ, ಕೊನೆಯ ದಿನವನ್ನು ಮುದ್ರಿಸದೆ, ತಲುಪಿದ ದಿನ ಮತ್ತು ಕೊನೆಯ ದಿನ ಎರಡಕ್ಕೂ ಖಾಲಿ ಜಾಗ ಬಿಟ್ಟು ಅವರಿಂದಲೇ ತುಂಬಿಸಿ.

ನಿವೃತ್ತ ಶಿಕ್ಷಕರೊಬ್ಬರು

ಮಟ್ಟಿಗೆ ಎಂಬುದನ್ನು ನಾನು ಗಮನಿಸಿರಲಿಲ್ಲ, ಒಪ್ಪಿದೆ. ಆದರೆ ಖಾಲಿ ಜಾಗ ಬಿಟ್ಟರೆ ಸಾಲದು. 4ನೇ ತಾರೀಖು ತಲುಪಿದ್ದರೆ ಕೊನೆಯ ದಿನ 18 ಅಥವಾ 19? ತಲುಪಿದ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ರೂಢಿ ಎಂದು ಕೇಳಿದ್ದೇನೆ.

ವಕೀಲರ ಕಚೇರಿಯಲ್ಲಿ ಕರಡು ಬರೆಯುವವರು

ರೂಢಿ ಹಾಗೇ ಇದೆ, ಆದರೂ ನಾನಾದರೆ 18 ಎಂದೇ ಲೆಕ್ಕ ಹಾಕಿಸುತ್ತೇನೆ. ಒಂದು ದಿನ ಮೊದಲು ಕಟ್ಟಿದವರಿಗೆ ನಷ್ಟವಿಲ್ಲ, ಒಂದು ದಿನ ತಡವಾದವರಿಗೆ ಜಗಳವಿದೆ.

ಮೂವತ್ತು ದಿನಗಳ ವಿಷಯ ನಿಮ್ಮ ಪುಟದ ಅತಿ ಮುಖ್ಯ ಭಾಗವಾಗಬಹುದು. "ಏನೇ ಒಳಗೊಂಡಿದ್ದಾಗ್ಯೂ" ಎಂಬುದು ಕರಾರಿನೊಳಗೇ ಇದ್ದಿದ್ದರೆ ಅದಕ್ಕೆ ಬಲವಿರುತ್ತಿತ್ತು, ಏಕೆಂದರೆ ಅದಕ್ಕೆ ಎರಡೂ ಕಡೆಯವರ ಸಹಿ ಇರುತ್ತದೆ. ಒಬ್ಬರೇ ಕಳುಹಿಸಿದ ನೋಟೀಸಿನಲ್ಲಿ ಅದನ್ನು ಬರೆದ ಮಾತ್ರಕ್ಕೆ ಸಹಿ ಹಾಕಿದ ಷರತ್ತು ಸಾಮಾನ್ಯವಾಗಿ ಅಳಿದುಹೋಗುವುದಿಲ್ಲ. ಕರಾರಿನ ಬೇರೆ ಷರತ್ತು ಅಥವಾ ಕಾನೂನು ಮಾಲೀಕರಿಗೆ ಹಾಗೆ ಮಾಡಲು ಅವಕಾಶ ಕೊಟ್ಟಿದೆಯೇ ಎಂಬುದನ್ನು ವಕೀಲರೇ ನೋಡಬೇಕು. ಆದುದರಿಂದ ನೀವು ತೀರ್ಪು ಕೊಡಲು ಹೋಗದೆ, ಎರಡನ್ನೂ ಪಕ್ಕಪಕ್ಕದಲ್ಲಿಡಿ: "ಕರಾರಿನ 7ನೇ ಷರತ್ತಿನಲ್ಲಿ 30 ದಿನಗಳ ಅವಕಾಶವಿದೆ. ನೋಟೀಸಿನಲ್ಲಿ ಮಾಲೀಕರು 15 ದಿನಗಳನ್ನು ಮಾತ್ರ ಕೊಟ್ಟಿದ್ದಾರೆ, ಈ ವಿಷಯದಲ್ಲಿ 7ನೇ ಷರತ್ತು ಅನ್ವಯಿಸುವುದಿಲ್ಲ ಎಂಬುದು ಅವರ ನಿಲುವು. ಸಂಘವು ಈ ಬಗ್ಗೆ ವಕೀಲರನ್ನು ಕೇಳುತ್ತಿದೆ. ಉತ್ತರ ಬರುವವರೆಗೆ 15 ದಿನಗಳನ್ನೇ ಗಡುವೆಂದು ಭಾವಿಸುವುದು ಕ್ಷೇಮ." ಮೂಲ ನೋಟೀಸಿನ ಪ್ರತಿಯನ್ನೂ ಜೊತೆಗಿಟ್ಟು, ಇದು ಸಂಘದ ವಿವರಣೆಯೇ ಹೊರತು ಮಾಲೀಕರ ಪತ್ರವಲ್ಲ ಎಂದು ಮೇಲ್ಭಾಗದಲ್ಲಿ ಬರೆಯಿರಿ.

ಗ್ರಾಹಕ ಸಹಾಯ ಕೇಂದ್ರದಲ್ಲಿ ಕೆಲಸ ಮಾಡಿದವರು

18ನೇ ತಾರೀಖಿನ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಹಣ ಹೊಂದಿಸುತ್ತಿರುವವರಿಗೆ ಒಂದು ದಿನವೂ ದೊಡ್ಡದು, ನೋಟೀಸು ಕೊಟ್ಟದ್ದನ್ನು ವಿವರಣೆ ಕಸಿಯಬಾರದು. ಹಾಗೆಯೇ ಇತರ ಹಕ್ಕುಗಳಿಗೆ ಬಾಧಕವಾಗದಂತೆ ಎಂಬ ಕೊನೆಯ ಸಾಲು ಕರಡಿನಲ್ಲಿ ಬಿಟ್ಟುಹೋಗಿದೆ. ಓದುಗರು ಅದರಿಂದ ಮಾಡಬೇಕಾದುದು ಏನೂ ಇಲ್ಲವಾದ್ದರಿಂದ ಬಿಟ್ಟರೂ ನಡೆದೀತು ಎಂಬುದು ನನ್ನ ಅಭಿಪ್ರಾಯ.

ವಕೀಲರ ಕಚೇರಿಯಲ್ಲಿ ಕರಡು ಬರೆಯುವವರು

ಬಿಡಬೇಡಿ. ಬಾಕಿ ಕಟ್ಟಿದ ಕೂಡಲೇ ಮಾಲೀಕರೊಂದಿಗಿನ ಎಲ್ಲ ವ್ಯಾಜ್ಯ ಮುಗಿಯಿತೆಂದು ಓದುಗರು ತಿಳಿಯುತ್ತಾರೆ. "ಈ ನೋಟೀಸಿನಲ್ಲಿ ಹೇಳದ ಬೇರೆ ಹಕ್ಕುಗಳನ್ನು ಮಾಲೀಕರು ಬಿಟ್ಟುಕೊಟ್ಟಿಲ್ಲ" ಎಂಬ ಒಂದು ಸಾಲು ಕೊನೆಯಲ್ಲಿರಲಿ.

ಬಾಡಿಗೆದಾರರ ಸಂಘದ ಕಾರ್ಯದರ್ಶಿ

ಆ ಸಾಲನ್ನು ಸೇರಿಸುತ್ತೇನೆ, "ಎರಡನ್ನೂ" ಎಂಬುದನ್ನೂ ಬದಲಿಸುತ್ತೇನೆ. 7ನೇ ಷರತ್ತಿನ ಪ್ರತಿಯನ್ನು ವಕೀಲರಿಗೆ ಕಳುಹಿಸಿದ್ದೇನೆ. 18 ಅಥವಾ 19 ಎಂಬುದನ್ನೂ ಅವರನ್ನೇ ಕೇಳುತ್ತೇನೆ, ಅಲ್ಲಿಯವರೆಗೆ ಆ ಜಾಗ ಖಾಲಿಯಾಗಿಯೇ ಇರಲಿ. ಹಂಚಿಕೊಂಡು ಇರುವ ಮನೆಗಳ ಕರಾರನ್ನು ಇನ್ನೂ ನೋಡಬೇಕಾಗಿದೆ.