ಒಗ್ಗರಣೆ: ಅರ್ಧ ಸಾಸಿವೆ ಸಿಡಿಯಲ್ಲ, ಇನ್ನರ್ಧ ಸೀದು ಹೋಗುತ್ತೆ

ಪ್ರಶ್ನೆ: ಭಟ್ರೇ, ಚಟ್ನಿಗೆ ಒಗ್ಗರಣೆ ಹಾಕ್ದಾಗೆಲ್ಲ ಅರ್ಧ ಸಾಸಿವೆ ಸಿಡಿಯೋದೇ ಇಲ್ಲ, ಕಾಯ್ತಾ ನಿಂತ್ರೆ ಮಿಕ್ಕಿದ್ದು ಸೀದು ಕಹಿ ಆಗುತ್ತೆ. ಕರಿಬೇವು ಹಾಕಿದ್ರೆ ಎಣ್ಣೆ ಕೈಗೆ ಹಾರುತ್ತೆ. ಎಷ್ಟು ಸೆಕೆಂಡ್ ಇಡ್ಬೇಕು?

ಅಡುಗೆ ಭಟ್ರು: ಸೆಕೆಂಡ್ ಲೆಕ್ಕ ಬಿಡಿ ಅಕ್ಕ, ಕಿವಿ ಕೊಡಿ. ಎಣ್ಣೆ ಎಷ್ಟು ಹಾಕ್ತೀರಿ ಅದನ್ನ ಮೊದ್ಲು ಹೇಳಿ.

ಪ್ರಶ್ನೆ ಕೇಳಿದವರು: ಒಂದು ಟೀಚಮಚ, ಅರ್ಧ ಚಮಚ ಸಾಸಿವೆಗೆ. ಡಾಕ್ಟ್ರು ಎಣ್ಣೆ ಕಮ್ಮಿ ಮಾಡಿ ಅಂದಿದ್ದಾರೆ.

ಅಡುಗೆ ಭಟ್ರು: ಅಲ್ಲೇ ಇರೋದು ನೋಡಿ. ಸೌಟಲ್ಲಿ ಎಣ್ಣೆ ಒಂದ್ಕಡೆ ಸೇರುತ್ತೆ, ಅದರೊಳಗೆ ಮುಳುಗಿದ ಕಾಳು ಸಿಡಿಯುತ್ತೆ, ಆಚೆ ಬರೀ ಲೋಹಕ್ಕೆ ಅಂಟಿದ್ದು ಕರಟುತ್ತೆ. ಸಾಸಿವೆಯನ್ನ ಕಾಲು ಚಮಚಕ್ಕೆ ಇಳಿಸಿ, ಸೌಟು ಸ್ವಲ್ಪ ವಾಲಿಸಿ ಹಿಡೀರಿ, ಎಲ್ಲ ಕಾಳೂ ಎಣ್ಣೇಲಿ ಇರ್ಲಿ. ಮಧ್ಯಮ ಉರೀಲಿ ಕಾಯಿಸಿ ಎರಡೇ ಕಾಳು ಹಾಕಿ ನೋಡಿ, ತಳದಲ್ಲಿ ಸುಮ್ನೆ ಕೂತ್ರೆ ಇನ್ನೂ ಕಾದಿಲ್ಲ, ಸುತ್ತ ಗುಳ್ಳೆ ಎದ್ದು ಪಟ್ ಅಂದ್ರೆ ಮಿಕ್ಕಿದ್ದು ಹಾಕಿ ತಟ್ಟೆ ಅಡ್ಡ ಹಿಡೀರಿ. ಹೊಗೆ ಬಂತೋ, ಎಣ್ಣೆ ಮಿತಿ ಮೀರಿ ಕಾದಿದೆ, ಕೆಳಗಿಳಿಸಿ.

ಇನ್ನೊಬ್ಬರು: ತಣ್ಣಗಿರೋ ಎಣ್ಣೇಲೇ ಸಾಸಿವೆ ಹಾಕಿ ಒಟ್ಟಿಗೆ ಕಾಯಿಸಿದ್ರೆ ಸೀಯೋದೇ ಇಲ್ಲ, ನಾನು ಹಾಗೇ ಮಾಡೋದು.

ಅಡುಗೆ ಭಟ್ರು: ನಿಮ್ ಉರಿ ಜೋರಾಗಿದ್ರೆ ನಡೆಯುತ್ತೆ ಅಣ್ಣ, ಸಣ್ಣ ಉರೀಲಿ ಅಲ್ಲ. ಕಾಳಿನೊಳಗಿನ ನೀರು ಆವಿಯಾಗಿ ಸಿಪ್ಪೆ ಒಡೆದ್ರೇನೇ ಸಿಡಿಯೋದು. ನಿಧಾನಕ್ಕೆ ಕಾದ್ರೆ ಆ ನೀರು ಹಾಗೇ ಆರಿ ಹೋಗುತ್ತೆ, ಆಮೇಲೆ ಎಷ್ಟು ಕಾದ್ರೂ ಸಿಡಿಯಲ್ಲ, ಕರಟೋದೇ. ಅಕ್ಕನದ್ದೂ ಸ್ವಲ್ಪ ಇದೇ ಕಥೆ ಇರ್ಬೇಕು.

ಮತ್ತೊಬ್ಬರು: ನಮ್ ಮನೇಲಿ ಉದ್ದಿನಬೇಳೆ ಯಾವಾಗ್ಲೂ ಕಪ್ಪಾಗುತ್ತೆ, ಸಾಸಿವೆ ಹಳೇದಾ?

ಅಡುಗೆ ಭಟ್ರು: ಅದು ಬೇರೆ ವಿಷ್ಯ ತಂಗಿ, ಸಾಸಿವೆ ಮುಕ್ಕಾಲು ಸಿಡಿದ ಮೇಲೆ ಬೇಳೆ ಹಾಕಿ ಉರಿ ಸಣ್ಣ ಮಾಡಿ. ಅಕ್ಕ, ನೀವು ಇಷ್ಟು ಕೇಳಿಸ್ಕೊಳ್ಳಿ: ಮೊದ್ಲು ಒಂದೊಂದೇ ಟಪ್, ಆಮೇಲೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ, ಆ ಸದ್ದಿಗೆ ಗ್ಯಾಪ್ ಬರೋಕೆ ಶುರುವಾದ ತಕ್ಷಣ ಸ್ಟವ್ ಆಫ್. ಪೂರ್ತಿ ನಿಲ್ಲೋವರೆಗೆ ಕಾಯ್ಬೇಡಿ, ಮಿಕ್ಕಿದ್ದನ್ನ ಸೌಟಿನ ಕಾವೇ ಸಿಡಿಸುತ್ತೆ. ಈಗ ಕರಿಬೇವು. ತೊಳೆದು ಬಟ್ಟೇಲಿ ಚೆನ್ನಾಗಿ ಒರೆಸಿರ್ಬೇಕು, ಹಾರೋದು ಎಣ್ಣೆಯ ತಪ್ಪಲ್ಲ, ಎಲೆ ಮೇಲಿನ ನೀರಿಂದು. ಹಾಕಿ ತಟ್ಟೆ ಮುಚ್ಚಿ, ಚರಚರ ಸದ್ದು ಇಳಿದ ಮೇಲೆ ಚಟ್ನಿಗೆ ಸುರೀರಿ.

ಇನ್ನೊಬ್ಬರು: ಆಫ್ ಮಾಡಿದ ಮೇಲೆ ಹಾಕಿದ್ರೆ ಎಲೆ ಗರಿಗರಿ ಆಗಲ್ವಲ್ಲ ಭಟ್ರೇ, ನಮ್ಮಮ್ಮ ಉರಿ ಇರುವಾಗ್ಲೇ ಹಾಕ್ತಿದ್ರು.

ಅಡುಗೆ ಭಟ್ರು: ದಪ್ಪ ಕಬ್ಬಿಣದ ಸೌಟಾದ್ರೆ ಆಗುತ್ತೆ, ತೆಳ್ಳಗಿನ ಸ್ಟೀಲ್ ಬೇಗ ಆರುತ್ತೆ. ನಾನು ಪರಿಮಳಕ್ಕೆ ಹಾಕೋನು, ನಿಮ್ಮಮ್ಮ ಗರಿಗರಿಗೆ ಹಾಕ್ತಿದ್ರೇನೋ.

ಪ್ರಶ್ನೆ ಕೇಳಿದವರು: ಈಗಷ್ಟೇ ಹಾಕ್ದೆ, ನಾಕೈದು ಕಾಳು ಸಿಡಿದಿಲ್ಲ, ಆದ್ರೆ ಕಹಿ ಇಲ್ಲ. ಕೈಗೂ ಹಾರ್ಲಿಲ್ಲ.