ಹಳೆಯ 330 ವ್ಯಾಟ್ ಪ್ಯಾನೆಲ್ ಜೊತೆ ಹೊಸ 540 ಸೇರಿಸಿದ ಮೇಲೆ ಲೆಕ್ಕ ಸರಿ ಬರುತ್ತಿಲ್ಲ

ಬದಿಯಡ್ಕ_ತೋಟ:
ಕಾಸರಗೋಡಿನ ಬದಿಯಡ್ಕ ಹತ್ತಿರ ನಮ್ಮ ಮನೆ. 2019ರಲ್ಲಿ ತಾರಸಿಯ ಮೇಲೆ 330 ವ್ಯಾಟ್‌ನ ನಾಲ್ಕು ಪ್ಯಾನೆಲ್ ಹಾಕಿಸಿದ್ದೆವು. 3 ಕಿಲೋವ್ಯಾಟ್‌ನ ಆನ್‌ಗ್ರಿಡ್ ಇನ್ವರ್ಟರ್. ಆ ಮಾಡೆಲ್ ಈಗ ಸಿಗುತ್ತಿಲ್ಲ. ಹಾಗಾಗಿ ಫಿಟ್ಟರ್ 540 ವ್ಯಾಟ್‌ನ ಎರಡು ಪ್ಯಾನೆಲ್ ತಂದು ಅದೇ ಸಾಲಿಗೆ ಸೀರೀಸ್‌ನಲ್ಲಿ ಸೇರಿಸಿದರು. ಮೊದಲು ಒಳ್ಳೆಯ ಬಿಸಿಲಿಗೆ ಮಧ್ಯಾಹ್ನ 1,080 ವ್ಯಾಟ್ ಬರುತ್ತಿತ್ತು. ಈಗ 1,730. ಹೊಸದು ಎರಡರಿಂದಲೇ 900ರಷ್ಟು ಬರಬೇಕಿತ್ತು, ಅಲ್ವಾ? ಪ್ಯಾನೆಲ್ ಹಾಳೋ, ವೈರಿಂಗ್ ತಪ್ಪೋ?

ಪೆರ್ಲ_ಸೋಲಾರ್:
ವೋಲ್ಟೇಜ್ ಬೇರೆ ಬೇರೆ ಇರುವುದೇ ತೊಂದರೆ ಮಾರಾಯ್ರೇ. ಹಳೆಯದು 37 ವೋಲ್ಟ್, ಹೊಸದು 41. ಎರಡೂ ಒಂದೇ ಇರಬೇಕು.

ಮುಳ್ಳೇರಿಯ_ಇನ್ವರ್ಟರ್:
ನಮ್ಮಲ್ಲೂ ಹೀಗೇ ಆಗಿದೆ. ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಖಾಲಿ. ಬ್ಯಾಟರಿ ನೀರು ನೋಡಿದ್ದೀರಾ?

ಬದಿಯಡ್ಕ_ತೋಟ:
ನಮ್ಮಲ್ಲಿ ಬ್ಯಾಟರಿಯೇ ಇಲ್ಲ ಅಣ್ಣ, ನೇರ ಕೆಎಸ್‌ಇಬಿ ಲೈನಿಗೆ.

ಉಪ್ಪಳ_ಎಲೆಕ್ಟ್ರಿಕಲ್:
ಪೆರ್ಲದವರು ಹೇಳಿದ್ದು ಪ್ಯಾರಲಲ್ ಜೋಡಣೆಗೆ ಸರಿ. ಸೀರೀಸ್‌ನಲ್ಲಿ ವೋಲ್ಟೇಜ್ ಸುಮ್ನೆ ಕೂಡಿಕೊಳ್ಳುತ್ತದೆ, ಬೇರೆ ಬೇರೆ ಇದ್ದರೂ ತೊಂದರೆ ಇಲ್ಲ. ಅಲ್ಲಿ ನೋಡಬೇಕಾದದ್ದು ಆಂಪಿಯರ್. ಪ್ಯಾನೆಲ್ ಹಿಂದಿನ ಸ್ಟಿಕರ್‌ನಲ್ಲಿ Imp ಅಂತ ಇರುತ್ತದೆ. ಹಳೆಯ 330ರದ್ದು 8.8ರ ಆಸುಪಾಸು, ಹೊಸ 540ರದ್ದು 13. ಒಂದೇ ಸಾಲಿನಲ್ಲಿ ಹರಿಯುವುದು ಒಂದೇ ಆಂಪಿಯರ್. ಹಾಗಾಗಿ ಹೊಸದೂ ಹಳೆಯದರ ಮಟ್ಟಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಆಂಪಿಯರ್ ತಗ್ಗಿದಾಗ ವೋಲ್ಟೇಜ್ ಸ್ವಲ್ಪ ಏರಿ 44ರ ಹತ್ತಿರ ನಿಲ್ಲುತ್ತದೆ. 44ನ್ನು 8.8ರಿಂದ ಗುಣಿಸಿದರೆ 387, ಅಂದರೆ ಸುಮಾರು 390 ವ್ಯಾಟ್. ಅಂದರೆ ನಿಮ್ಮ 540 ಈಗ 390ರ ಪ್ಯಾನೆಲ್ ಆಗಿ ಕೆಲಸ ಮಾಡುತ್ತಿದೆ. ಎರಡು ಸೇರಿ 780. ನಮ್ಮ ಸೆಖೆಗೆ ಪ್ಯಾನೆಲ್ ಕಾದು ಅದರಲ್ಲೂ ಆರನೇ ಒಂದು ಪಾಲು ಹೋದರೆ 650. ನಿಮಗೆ ಹೆಚ್ಚು ಸಿಕ್ಕಿದ್ದೂ ಅಷ್ಟೇ. ವೈರಿಂಗ್ ಸರಿ ಇದೆ ಅಂತ ನನಗೆ ಅನ್ನಿಸುತ್ತದೆ.

ಖಚಿತ ಮಾಡಬೇಕಾದರೆ ಮೋಡ ಇಲ್ಲದ ಮಧ್ಯಾಹ್ನ ಇನ್ವರ್ಟರ್ ಪರದೆಯಲ್ಲಿ ಡಿಸಿ ಕಡೆಯದ್ದು ನೋಡಿ. ವೋಲ್ಟೇಜ್ ಏರಿರಬೇಕು, ಆಂಪಿಯರ್ ಮೊದಲಿನಷ್ಟೇ ಇರಬೇಕು. ಪ್ಯಾನೆಲ್ ಒಳಗಿನ ಡಯೋಡ್ ಕೆಟ್ಟಿದ್ದರೆ ಆ ಪ್ಯಾನೆಲ್‌ನ ವೋಲ್ಟೇಜ್‌ನಲ್ಲಿ ಮೂರನೇ ಒಂದು ಪಾಲು ಕಾಣೆಯಾಗಿರುತ್ತದೆ. ಬಿಡಿಬಿಡಿಯಾಗಿ ಅಳೆಯುವುದಾದರೆ ಮೊದಲು ಇನ್ವರ್ಟರ್, ಆಮೇಲೆ ಡಿಸಿ ಐಸೊಲೇಟರ್ ಆಫ್ ಮಾಡಿ. ಬಿಸಿಲಲ್ಲಿ ಲೋಡ್ ಇರುವಾಗ ಎಂಸಿ4 ಕನೆಕ್ಟರ್ ಎಳೆದರೆ ಕಿಡಿ ಹಾರಿ ಕೈ ಸುಡುತ್ತದೆ.

ಬದಿಯಡ್ಕ_ತೋಟ:
ನೋಡಿದೆ. 215 ವೋಲ್ಟ್, 8.3 ಆಂಪಿಯರ್. ಮೊದಲು ತೆಗೆದ ಫೋಟೋದಲ್ಲಿ 134 ವೋಲ್ಟ್, 8.3 ಆಂಪಿಯರ್. ನೀವು ಹೇಳಿದ ಹಾಗೇ ಉಂಟು. ಹಾಗಾದರೆ ಹೊಸದು ಎರಡಕ್ಕೆ ಆಪ್ಟಿಮೈಸರ್ ಹಾಕಿದರೆ ಸರಿಯಾಗಬಹುದಾ?

ಉಪ್ಪಳ_ಎಲೆಕ್ಟ್ರಿಕಲ್:
ಹೊಸದಕ್ಕೆ ಹಾಕಿದರೆ ದುಡ್ಡು ದಂಡ. ಬಿಡಿಬಿಡಿಯಾಗಿ ಕೂರಿಸುವ ಆಪ್ಟಿಮೈಸರ್‌ಗಳಲ್ಲಿ ಹೆಚ್ಚಿನವು ವೋಲ್ಟೇಜ್ ತಗ್ಗಿಸಿ ಆಂಪಿಯರ್ ಏರಿಸುತ್ತವೆ, ಉಲ್ಟಾ ಮಾಡುವುದಿಲ್ಲ. ಆಂಪಿಯರ್ ಕಡಿಮೆ ಇರುವುದು ಹಳೆಯ ನಾಲ್ಕರಲ್ಲಿ. ಹಾಕುವುದಾದರೆ ಆ ನಾಲ್ಕಕ್ಕೂ ಬೇಕು.

ಪೆರ್ಲ_ಸೋಲಾರ್:
ಎರಡು ಎಂಪಿಪಿಟಿ ಇರುವ ಇನ್ವರ್ಟರ್ ತಂದು ಹಳೆಯದು ಒಂದಕ್ಕೆ, ಹೊಸದು ಇನ್ನೊಂದಕ್ಕೆ ಕೊಟ್ಟರೆ ಮುಗಿಯಿತಲ್ಲ?

ಉಪ್ಪಳ_ಎಲೆಕ್ಟ್ರಿಕಲ್:
ದಾರಿ ಅದೇ. ಆದರೆ ಹೊಸದು ಎರಡೇ ಇದ್ದರೆ ಬಿಸಿಯಲ್ಲಿ 75 ವೋಲ್ಟ್ ಮಾತ್ರ ಸಿಗುತ್ತದೆ. ಎಷ್ಟೋ ಇನ್ವರ್ಟರ್ ಅಷ್ಟಕ್ಕೆ ಏಳುವುದೇ ಇಲ್ಲ. ಅದೇ ಮಾಡೆಲ್‌ನ ಇನ್ನೂ ಎರಡು ಸೇರಿಸಿದರೆ 150ರ ಹತ್ತಿರ ಬರುತ್ತದೆ. ಕೊಳ್ಳುವ ಮೊದಲು ಮ್ಯಾನ್ಯುಯಲ್‌ನಲ್ಲಿ ಸ್ಟಾರ್ಟ್ ವೋಲ್ಟೇಜ್ ಓದಿ. 13 ಆಂಪಿಯರ್ ತಡೆಯುತ್ತದಾ ಅಂತಲೂ ನೋಡಿ, ಹಳೆಯ ಇನ್ವರ್ಟರ್‌ಗಳಲ್ಲಿ ಮಿತಿ ಅದಕ್ಕಿಂತ ಕಡಿಮೆ ಇರುವುದುಂಟು.

ನನ್ನನ್ನು ಕೇಳಿದರೆ ಈಗ ಏನೂ ಮಾಡಬೇಡಿ. ನೀವು ಕಳೆದುಕೊಳ್ಳುತ್ತಿರುವುದು ಮಧ್ಯಾಹ್ನಕ್ಕೆ 250 ವ್ಯಾಟ್, ಅಂದರೆ ಒಳ್ಳೆಯ ಬಿಸಿಲಿನ ದಿನಕ್ಕೆ ಸುಮಾರು ಒಂದು ಯೂನಿಟ್. ಅದಕ್ಕಾಗಿ ಸರಿ ಇರುವ ಇನ್ವರ್ಟರ್ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಹಾಳಾದ ದಿನ ಎರಡು ಎಂಪಿಪಿಟಿಯದ್ದು ತನ್ನಿ.

ಪೆರ್ಲ_ಸೋಲಾರ್:
ಹತ್ತು ವರ್ಷ ದಿನಕ್ಕೊಂದು ಯೂನಿಟ್ ಬಿಡುವುದು ಸಣ್ಣದಲ್ಲ. ನಾನಾದರೆ ಈಗಲೇ ಬದಲಿಸುತ್ತಿದ್ದೆ.

ಬದಿಯಡ್ಕ_ತೋಟ:
ಮಳೆಗಾಲ ಕಳೆದ ಮೇಲೆ ನೋಡುತ್ತೇನೆ. ಇನ್ನೊಂದು ಪ್ರಶ್ನೆ: ಒಪ್ಪಂದದಲ್ಲಿ ಇರುವುದು ಹಳೆಯ ನಾಲ್ಕು ಪ್ಯಾನೆಲ್‌ನ ಲೆಕ್ಕ. ಎರಡು ಹೆಚ್ಚಾಗಿದ್ದನ್ನು ಸೆಕ್ಷನ್ ಆಫೀಸಿಗೆ ತಿಳಿಸಿ ತಿದ್ದಿಸಬೇಕು ಅಂತ ಫಿಟ್ಟರ್ ಈಗ ಹೇಳುತ್ತಿದ್ದಾರೆ. ಹೀಗೆ ಆಮೇಲೆ ಸೇರಿಸಿ, ತಿದ್ದಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ?