ಪಿಪಿಟಿಯಿಂದ 10 ಅಂಕದ ಪ್ರಶ್ನೆ: ಅಂಕ ಹಂಚಿಕೆ ಹೇಗೆ ಮಾಡ್ತೀರಿ?

ಕೇಳಿದವರು (ಇತಿಹಾಸ ಉಪನ್ಯಾಸಕಿ, ಕಲಬುರಗಿ): ಬಹಮನಿ ಪಾಠದ ಪಿಪಿಟಿ ಇದೆ. ಅದರಿಂದ ಪಿಯು ಮಕ್ಕಳಿಗೆ 10 ಅಂಕದ ಒಂದು ಪ್ರಶ್ನೆ, ಜೊತೆಗೆ ಅಂಕ ಹಂಚಿಕೆ ತಯಾರಿಸಬೇಕು. ‘ಬಹಮನಿ ಪ್ರಧಾನಿ ಮಹಮೂದ್ ಗವಾನನ ಸಾಧನೆಗಳನ್ನು ವಿವರಿಸಿ’ ಅಂತ ಬರೆದಿದ್ದೇನೆ. ಹೋದ ಸಲ ಇಂಥದ್ದೇ ಪ್ರಶ್ನೆಗೆ, ಒಂದೇ ಉತ್ತರಕ್ಕೆ, ಇಬ್ಬರು ಬೇರೆ ಬೇರೆ ಅಂಕ ಕೊಟ್ಟರು. ಅನುಭವ ಇದ್ದವರು ಹೇಳಿ.

ಯಾದಗಿರಿಯಿಂದ ಒಬ್ಬರು: ಮೇಡಂ, ಸುಲಭ ಐತಿ. ಸ್ಲೈಡಿನ ಒಂದು ಸಾಲಿಗೆ ಒಂದು ಅಂಕ. 1472ರ ಗೋವಾ ವಿಜಯ ಒಂದು, ಬೀದರಿನ ಮದರಸಾ ಒಂದು, ರಾಜ್ಯವನ್ನು ಎಂಟು ತರಫ್, ಅಂದರೆ ಪ್ರಾಂತ್ಯ, ಮಾಡಿದ್ದು ಒಂದು. ಹೀಗೆ ಹತ್ತು ಸಾಲು ಆರಿಸಿ. ಮಕ್ಕಳ ತಂದೆತಾಯಿ ಬಂದು ಕೇಳಿದರೂ ತೋರಿಸಬಹುದು. ಜಗಳವೇ ಇರೋದಿಲ್ಲ.

ಬೀದರ್‌ನ ಹಿರಿಯ ಉಪನ್ಯಾಸಕರು: ಯಾದಗಿರಿ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಅಂಕ ಎಲ್ಲಿ ಬೀಳುತ್ತದೆ ಅಂತ ಮೊದಲೇ ಬರೆದಿಟ್ಟರೆ ಜಗಳ ಕಡಿಮೆ. ಆದರೆ ಸ್ಲೈಡ್ ಬಾಯಿಪಾಠ ಮಾಡಿದವರಿಗೆ ಹತ್ತಕ್ಕೆ ಹತ್ತು ಬರುತ್ತದೆ. ‘ವಿವರಿಸಿ’ ಅಂತ ಕೇಳಿ ಪಟ್ಟಿಗೆ ಅಂಕ ಕೊಟ್ಟಂತಾಯಿತು ಅಲ್ವಾ?

ಪಿಪಿಟಿಯಲ್ಲಿ ಸಂಗತಿ ಇರುತ್ತದೆ, ಸಂಬಂಧ ಇರೋದಿಲ್ಲ. ನಾನು ಸ್ಲೈಡು ನೋಡುತ್ತಾ ಪ್ರತಿ ಸಾಲಿನ ಪಕ್ಕ ‘ಇದರಿಂದ ಏನಾಯಿತು?’ ಅಂತ ಬರೀತೀನಿ. ಎಲ್ಲಿ ಉತ್ತರ ಸಿಗುತ್ತದೋ ಅಲ್ಲೇ ಪ್ರಶ್ನೆ ಇರುತ್ತದೆ. ಗವಾನನ ವಿಷಯದಲ್ಲಿ ಅದು ತರಫ್‌ದಾರರ ಅಧಿಕಾರ. ಹಾಗಾಗಿ ನಾನು ಕೇಳೋದು ಹೀಗೆ: ‘ಗವಾನನ ಆಡಳಿತ ಸುಧಾರಣೆಗಳು ತರಫ್‌ದಾರರ ಅಧಿಕಾರವನ್ನು ಹೇಗೆ ಕುಗ್ಗಿಸಿದವು? ಅದು ಅವನ ಕೊನೆಗೆ ಹೇಗೆ ಕಾರಣವಾಯಿತು?’

ಐದು ಅಂಶ, ಪ್ರತಿಯೊಂದಕ್ಕೆ ಎರಡು ಅಂಕ. ಏನು ಬದಲಾಯಿತು ಅನ್ನೋದಕ್ಕೆ ಒಂದು, ಅದರಿಂದ ಏನಾಯಿತು ಅನ್ನೋದಕ್ಕೆ ಇನ್ನೊಂದು. ನಾಲ್ಕು ತರಫ್ ಎಂಟಾದವು, ಒಬ್ಬೊಬ್ಬನ ಕೈಲಿದ್ದ ಸೀಮೆ ಚಿಕ್ಕದಾಯಿತು. ತರಫ್‌ದಾರನಿಗೆ ಒಂದೇ ಕೋಟೆ ಬಿಟ್ಟು ಉಳಿದವಕ್ಕೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸಿದ, ಹಾಗಾಗಿ ಕೋಟೆ ಹಿಡಿದು ದಂಗೆ ಏಳೋದು ಕಷ್ಟವಾಯಿತು. ಪ್ರತಿ ತರಫ್‌ನಲ್ಲೂ ಸ್ವಲ್ಪ ಭೂಮಿ ನೇರ ಸುಲ್ತಾನನಿಗೇ ಸೇರಿತು, ಅಷ್ಟು ಆದಾಯ ತರಫ್‌ದಾರನ ಕೈತಪ್ಪಿತು. ಸೈನಿಕರು ಲೆಕ್ಕಕ್ಕಿಂತ ಕಡಿಮೆ ಇದ್ದರೆ ಹಣ ಕಡಿತವಾಯಿತು, ಸುಳ್ಳು ಲೆಕ್ಕ ತೋರಿಸೋದು ಸುಲಭವಾಗಿ ಉಳಿಯಲಿಲ್ಲ. ಐದನೆಯದು ಕೊನೆ: ಸಿಟ್ಟಾದ ಸರದಾರರು ಅವನ ಮುದ್ರೆ ಇದ್ದ ಕಾಗದದಲ್ಲಿ ಸುಳ್ಳು ಪತ್ರ ಹುಟ್ಟಿಸಿದರು, ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನನ್ನು ಕೊಲ್ಲಿಸಿದ. ಪಿತೂರಿಗೆ ಒಂದು ಅಂಕ, ಸುಧಾರಣೆಯಿಂದಲೇ ಆ ದ್ವೇಷ ಬಂತು ಅಂತ ಜೋಡಿಸಿದ್ದಕ್ಕೆ ಇನ್ನೊಂದು.

ಈಗ ಸ್ಲೈಡ್ ಮಾತ್ರ ಓದಿದವರಿಗೆ ಐದು ಸಿಗುತ್ತದೆ. ಹತ್ತು ಬೇಕಾದರೆ ಯೋಚಿಸಿರಬೇಕು.

ಹಂಚಿಕೆಯ ಕೆಳಗೆ ಎರಡು ಸಾಲು ಸೇರಿಸಿ. ಮದರಸಾ, ಗೋವಾ ಬಗ್ಗೆ ಎಷ್ಟೇ ಚೆನ್ನಾಗಿ ಬರೆದರೂ ಇಲ್ಲಿ ಅಂಕ ಇಲ್ಲ. ಭೂಮಾಪನ ಬರೆದು, ಕಂದಾಯದ ಲೆಕ್ಕ ಸರಕಾರಕ್ಕೆ ಗೊತ್ತಾಯಿತು ಅಂತ ಹೇಳಿದ್ದರೆ, ಮೊದಲ ನಾಲ್ಕು ಅಂಶಗಳಲ್ಲಿ ಬಿಟ್ಟ ಒಂದರ ಬದಲಿಗೆ ಎರಡು ಅಂಕ ಕೊಡಿ. ನಿಮ್ಮ ಇಬ್ಬರ ವ್ಯತ್ಯಾಸ ಹುಟ್ಟಿದ್ದು ಬಹುಶಃ ಇಂಥ ಜಾಗದಲ್ಲೇ. ಒಬ್ಬರು ಮದರಸಾಕ್ಕೆ ಎರಡು ಕೊಟ್ಟಿರುತ್ತಾರೆ, ಇನ್ನೊಬ್ಬರು ಅರ್ಧ.

ಜೀವಶಾಸ್ತ್ರದ ಉಪನ್ಯಾಸಕಿ, ಹುಮ್ನಾಬಾದ್: ನಮ್ಮಲ್ಲಿ ಹೃದಯದ ಚಿತ್ರಕ್ಕೆ, ಅದರ ಭಾಗಗಳನ್ನು ಗುರುತಿಸಿದ್ದಕ್ಕೆ ಬೇರೆ ಬೇರೆ ಅಂಕ ಇಡ್ತೀವಿ. ನೀವೂ ಬಹಮನಿ ರಾಜ್ಯದ ನಕ್ಷೆಗೆ ಎರಡು ಅಂಕ ಇಡಿ, ಎಣಿಸೋದು ಸುಲಭ.

ಬೀದರ್‌ನ ಹಿರಿಯ ಉಪನ್ಯಾಸಕರು: ಮೇಡಂ, ನಿಮ್ಮ ವಿಷಯಕ್ಕೆ ಅದು ಸರಿ. ಪ್ರಶ್ನೆಯಲ್ಲಿ ನಕ್ಷೆ ಕೇಳದೆ ಹಂಚಿಕೆಯಲ್ಲಿ ಇಟ್ಟರೆ ಅನ್ಯಾಯ ಆಗುತ್ತದೆ. ಬರೆಯದ ಮಗು ಎರಡು ಅಂಕ ಕಳಕೊಳ್ಳುತ್ತದೆ, ಯಾಕೆ ಅಂತ ಅದಕ್ಕೆ ಗೊತ್ತೂ ಆಗೋದಿಲ್ಲ.

ಕೇಳಿದವರು: ಸರ್, ಸಮಯ ಎಷ್ಟು ಕೊಡಬೇಕು? ಹಂಚಿಕೆ ಸರಿ ಇದೆ ಅಂತ ಪರೀಕ್ಷೆಗೆ ಮೊದಲೇ ತಿಳಿಯೋದು ಹೇಗೆ?

ಬೀದರ್‌ನ ಹಿರಿಯ ಉಪನ್ಯಾಸಕರು: ನಿಮ್ಮ ಹಂಚಿಕೆ ನೋಡಿರದ ಒಬ್ಬ ಸಹೋದ್ಯೋಗಿಗೆ ಪ್ರಶ್ನೆ ಮಾತ್ರ ಕೊಟ್ಟು ಬರೆಸಿ. ಅವರಿಗೇ ಇಪ್ಪತ್ತು ನಿಮಿಷ ಸಾಲದಿದ್ದರೆ ಪ್ರಶ್ನೆ ದೊಡ್ಡದಾಯಿತು, ಒಂದು ಅಂಶ ತೆಗೆಯಿರಿ. ಅವರು ಬರೆದ ಸರಿಯಾದ ಸಂಗತಿ ನಿಮ್ಮ ಹಂಚಿಕೆಯಲ್ಲಿ ಇಲ್ಲದಿದ್ದರೆ ಬದಲಿ ಉತ್ತರಕ್ಕೆ ಸೇರಿಸಿ. ಆಮೇಲೆ ಅದೇ ಹಾಳೆಯನ್ನು ಇಬ್ಬರು ಬೇರೆ ಬೇರೆ ಕೂತು ತಿದ್ದಿ. ಒಂದು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಯಾವ ಅಂಶದಲ್ಲಿ ಅಂತ ಹುಡುಕಿ. ಆ ಸಾಲನ್ನು ಮತ್ತೆ ಬರೆಯಿರಿ.

ಯಾದಗಿರಿಯಿಂದ: ಒಪ್ಪಿದೆ ಸರ್. ಆದರೆ 1481ರ ಬದಲು 1418 ಅಂತ ಬರೆದರೆ? ನಾನಂತೂ ಅರ್ಧ ಅಂಕ ಕಡಿತೀನಿ.

ಬೀದರ್‌ನ ಹಿರಿಯ ಉಪನ್ಯಾಸಕರು: ನಾನು ಕಡಿಯೋದಿಲ್ಲ. ಪ್ರಶ್ನೆ ಕಾರಣ ಕೇಳುತ್ತಿದೆ, ವರ್ಷ ಕೇಳುತ್ತಿಲ್ಲ.

ಯಾದಗಿರಿಯಿಂದ: ಇತಿಹಾಸದಲ್ಲಿ ವರ್ಷ ತಪ್ಪಿದರೂ ಪೂರ್ತಿ ಅಂಕಾನಾ? ಇದನ್ನು ನಾನು ಒಪ್ಪೋದಿಲ್ಲ ಸರ್.

ಕೇಳಿದವರು: ಎರಡರಲ್ಲಿ ಯಾವುದು ಅಂತ ನಮ್ಮ ವಿಭಾಗದಲ್ಲಿ ಕೂತು ತೀರ್ಮಾನಿಸಿ, ಅದನ್ನೂ ಹಂಚಿಕೆಯ ಹಾಳೆಯಲ್ಲೇ ಬರೀತೀವಿ.